ದಿನವೂ ಹಾಕುವ ಚಿನ್ನದ ಸರ: ಯಾವ ಹೆಣಿಗೆ, ಎಷ್ಟು ದಪ್ಪ?

ನಮ್ಮ ತಂದೆ ಅಕ್ಕಸಾಲಿಗರು. ಅವರ ಮರದ ಮೇಜಿನ ಎದುರಿಗೆ ಕುಳಿತು ಶಾಲೆಯ ಪಾಠ ಬರೆದುಕೊಂಡು ಬೆಳೆದವಳು ನಾನು. ಹೊಸ ಒಡವೆಗಿಂತ ಹೆಚ್ಚಾಗಿ ನಾನು ನೋಡಿದ್ದು ಕಾಗದದ ಪೊಟ್ಟಣದಲ್ಲಿ ಮಡಚಿ ತಂದ ತುಂಡಾದ ಸರಗಳನ್ನು. ಅಂಗಡಿಯ ಗಾಜಿನ ಹಿಂದೆ ಎಲ್ಲ ಸರಗಳೂ ಚೆಂದವಾಗಿಯೇ ಕಾಣುತ್ತವೆ. ಎರಡು ವರ್ಷ ಬೆವರು, ದಿಂಬು, ಸೀರೆಯ ಸೆರಗು ಮತ್ತು ಮಗುವಿನ ಕೈ ಕಂಡ ಮೇಲೆ ಅವು ಹೇಗಿರುತ್ತವೆ ಎಂಬುದು ಬೆಸುಗೆಯ ಮೇಜಿನ ಮೇಲೆ ಗೊತ್ತಾಗುತ್ತದೆ. ರೋಪ್ ತೆಗೆದುಕೊಳ್ಳಲೇ, ಬಾಕ್ಸ್ ತೆಗೆದುಕೊಳ್ಳಲೇ, ಎಂಟು ಗ್ರಾಂ ಸಾಕೇ, ಹನ್ನೆರಡು ಬೇಕೇ ಎಂದು ಕೇಳುವವರಿಗೆ ಆ ಮೇಜಿನ ಮೇಲೆ ಕಂಡದ್ದನ್ನೇ ಹೇಳುತ್ತೇನೆ.

ಮಾದರಿಗಳ ಮಾತಿಗೆ ಹೋಗುವ ಮೊದಲು ಯಾವ ಅಳತೆಗೋಲಿನಿಂದ ನೋಡಬೇಕು ಎಂಬುದು ತಿಳಿದಿರಲಿ. ನಾನು ನೋಡುವುದು ನಾಲ್ಕು ಸಂಗತಿ: ಒಂದು ಇಂಚಿಗೆ ಎಷ್ಟು ಚಿನ್ನವಿದೆ, ಸರ ತನ್ನಷ್ಟಕ್ಕೆ ಗಂಟು ಬೀಳುತ್ತದೆಯೇ, ತುಂಡಾದರೆ ಬೆಸೆಯಲು ಬರುತ್ತದೆಯೇ, ಕೊಕ್ಕೆಯನ್ನು ಸರಕ್ಕೆ ಸೇರಿಸುವ ಪುಟ್ಟ ಉಂಗುರದಂಥ ಬಳೆ ಹೇಗಿದೆ. ಬಣ್ಣ, ಹೊಳಪು, ಹೊಸ ವಿನ್ಯಾಸ ಎಲ್ಲವೂ ಇವುಗಳ ನಂತರ.

ಮೊದಲನೆಯದನ್ನೇ ಹೆಚ್ಚಿನ ಜನ ಮರೆಯುತ್ತಾರೆ. "ಹತ್ತು ಗ್ರಾಂ ಸರ ತೆಗೆದುಕೊಂಡೆ, ಆದರೂ ತುಂಡಾಯಿತು" ಎನ್ನುತ್ತಾರೆ. ಹತ್ತು ಗ್ರಾಂ ಎಷ್ಟು ಉದ್ದಕ್ಕೆ ಹರಡಿತ್ತು ಎಂದು ಕೇಳಿದರೆ ಉತ್ತರವಿರುವುದಿಲ್ಲ. ಅದೇ ಹೆಣಿಗೆಯ ಹತ್ತು ಗ್ರಾಂ 18 ಇಂಚಿನಲ್ಲಿದ್ದರೆ ಇಂಚಿಗೆ ಸುಮಾರು 0.55 ಗ್ರಾಂ. 26 ಇಂಚಿಗೆ ಎಳೆದರೆ 0.38 ಗ್ರಾಂ ಮಾತ್ರ. ತೂಕದ ಚೀಟಿಯಲ್ಲಿ ಎರಡೂ ಒಂದೇ, ಆದರೆ ಎರಡನೆಯದರ ತಂತಿ ಅಷ್ಟರಮಟ್ಟಿಗೆ ಸಣ್ಣದಾಗಿರಲೇಬೇಕು. ಹಾಗಾಗಿ ಅಂಗಡಿಯಲ್ಲಿ ಮೊದಲು ಮಾಡಬೇಕಾದ ಕೆಲಸ ಗ್ರಾಂ ಅನ್ನು ಇಂಚಿನಿಂದ ಭಾಗಿಸುವುದು. 22 ಕ್ಯಾರೆಟ್‌ನ ಗಟ್ಟಿ ಸರಕ್ಕೆ ತಂದೆಯವರು ಇಟ್ಟುಕೊಂಡ ಲೆಕ್ಕ ಹೀಗಿದೆ: ಏನನ್ನೂ ತೂಗುಹಾಕದೆ ಬರಿ ಸರ ಹಾಕುವವರಿಗೆ ಇಂಚಿಗೆ 0.4 ಗ್ರಾಂ, ತಾಳಿಯೋ ಪದಕವೋ ಇದ್ದರೆ 0.5 ಗ್ರಾಂ ಮತ್ತು ಮೇಲೆ. ಇದು ಯಾವ ಪುಸ್ತಕದ ನಿಯಮವೂ ಅಲ್ಲ, ಬೆಸುಗೆಗೆ ಬಂದ ಸರಗಳನ್ನು ತೂಗಿ ತೂಗಿ ಅವರೇ ಕಂಡುಕೊಂಡದ್ದು. ನನಗೂ ಇದುವರೆಗೆ ಇದಕ್ಕಿಂತ ನಂಬಿಕೆಯ ಲೆಕ್ಕ ಸಿಕ್ಕಿಲ್ಲ.

ಚೀಟಿಯಲ್ಲಿ ಬರೆದಿರುವ ಮಿಲಿಮೀಟರ್ ನೋಡಿ ಮೋಸ ಹೋಗಬೇಡಿ. ಎರಡು ಮಿಲಿಮೀಟರ್ ಎಂದರೆ ಸರದ ಅಗಲ, ತಂತಿಯ ದಪ್ಪವಲ್ಲ. ಹಗ್ಗದಂತೆ ಹೆಣೆದ ಎರಡು ಮಿಲಿಮೀಟರ್ ಸರದೊಳಗೆ ಇರುವುದು ಬಹಳ ಸಣ್ಣ ತಂತಿ, ಹಲವು ಸುತ್ತು ಸೇರಿ ದಪ್ಪ ಕಾಣುತ್ತದೆ ಅಷ್ಟೇ. ಸವೆಯುವುದು ಮಾತ್ರ ತಂತಿಯೇ.

ಸರ ಸಾಮಾನ್ಯವಾಗಿ ಎಳೆತಕ್ಕೆ ಒಮ್ಮೆಲೇ ತುಂಡಾಗುವುದಿಲ್ಲ. ಕೊಂಡಿಗೆ ಕೊಂಡಿ ತಾಗುವ ಜಾಗದಲ್ಲಿ ವರ್ಷಗಟ್ಟಲೆ ಉಜ್ಜಿ ಉಜ್ಜಿ ಸವೆದಿರುತ್ತದೆ. ಮೈಯ ಧೂಳು, ಪೌಡರ್, ಬೆವರಿನ ಉಪ್ಪು ಆ ಸಂದಿಯಲ್ಲಿ ಸೇರಿ ಉಪ್ಪುಕಾಗದದಂತೆ ಕೆಲಸ ಮಾಡುತ್ತವೆ. ಹಳೆಯ ಸರವೊಂದನ್ನು ಭೂತಗನ್ನಡಿಯ ಕೆಳಗೆ ಹಿಡಿದರೆ ಕೊಂಡಿಯ ಎರಡೂ ತುದಿಗಳ ಒಳಬದಿಯಲ್ಲಿ ಗುಂಡಗೆ ತೋಡಿದಂತಹ ಗುಳಿ ಕಾಣುತ್ತದೆ, ಬಾವಿಯ ಕಟ್ಟೆಯ ಮೇಲೆ ಹಗ್ಗ ಮಾಡಿದ ಗುರುತಿನ ಹಾಗೆ. ಹೀಗೆ ಸವೆದ ಸರ ಮೊದಲಿಗಿಂತ ತುಸು ಉದ್ದವೂ ಆಗಿರುತ್ತದೆ. "ಮೊದಲು ಕತ್ತಿಗೆ ಸರಿಯಾಗಿತ್ತು, ಈಗ ಇಳಿದಿದೆ" ಎಂದು ಯಾರಾದರೂ ಹೇಳಿದರೆ ತಂದೆ ತಕ್ಷಣ ಕನ್ನಡಿ ಕೈಗೆತ್ತಿಕೊಳ್ಳುತ್ತಿದ್ದರು. ತಂತಿ ಅರ್ಧ ದಪ್ಪಕ್ಕೆ ಇಳಿದಿದ್ದರೆ ಬೆಸುಗೆ ಹಾಕಿ ಪ್ರಯೋಜನವಿಲ್ಲ, ಇಂದು ಇಲ್ಲಿ ಬೆಸೆದರೆ ಮುಂದಿನ ತಿಂಗಳು ಅಲ್ಲಿ ತುಂಡಾಗುತ್ತದೆ. ಬೆಸುಗೆಯ ಬಿಸಿಗೆ ಪಕ್ಕದ ಕೊಂಡಿಗಳು ಮೆತ್ತಗಾಗುವುದರಿಂದ ತುಂಡಾಗುವುದು ಹೆಚ್ಚಾಗಿ ಹಳೆಯ ಬೆಸುಗೆಯ ಪಕ್ಕದಲ್ಲೇ.

ಈಗ ಹೆಣಿಗೆಗಳಿಗೆ ಬರೋಣ.

ಎಲ್ಲಕ್ಕೂ ಸರಳವಾದದ್ದು ಉದ್ದುಂಡನೆಯ ಕೊಂಡಿಗಳನ್ನು ಒಂದಕ್ಕೊಂದು ಸಿಕ್ಕಿಸಿದ ಚೈನು, ಅಂಗಡಿಯಲ್ಲಿ ಕೇಬಲ್ ಎನ್ನುತ್ತಾರೆ. ತುಂಡಾದರೆ ಊರಿನ ಯಾವ ಅಕ್ಕಸಾಲಿಗರೂ ಹತ್ತು ನಿಮಿಷದಲ್ಲಿ ಗುರುತು ಕಾಣದಂತೆ ಬೆಸೆಯುತ್ತಾರೆ, ಅದು ಇದರ ದೊಡ್ಡ ಗುಣ. ಆದರೆ ಒಂದು ಮಿಲಿಮೀಟರ್ ಆಸುಪಾಸಿನ ಸಣ್ಣ ಕೇಬಲ್ ಚೈನಿನಷ್ಟು ಗಂಟು ಬೀಳುವ ವಸ್ತು ಇನ್ನೊಂದಿಲ್ಲ. ಹಗುರವಾಗಿರುವುದರಿಂದ ತನ್ನ ಭಾರಕ್ಕೆ ತಾನೇ ಬಿಚ್ಚಿಕೊಳ್ಳುವುದಿಲ್ಲ, ತೆರೆದ ಕೊಂಡಿಗಳೊಳಗೆ ಕತ್ತಿನ ಹಿಂದಿನ ಕೂದಲು ಹೋಗಿ ಸಿಕ್ಕುತ್ತದೆ. ರಾತ್ರಿ ತೆಗೆದಿಟ್ಟು ಬೆಳಗ್ಗೆ ಹಾಕಿಕೊಳ್ಳುವ ಅಭ್ಯಾಸವಿದ್ದವರಿಗಂತೂ ಇದು ದಿನವೂ ಪೇಚಾಟ.

ಅದೇ ಕೊಂಡಿಗಳನ್ನು ತಿರುಚಿ ಚಪ್ಪಟೆಯಾಗಿ ಮಲಗುವಂತೆ ಮಾಡಿದರೆ ಕರ್ಬ್ ಆಗುತ್ತದೆ. ಕೊಂಡಿಗಳು ಒಂದರ ಮೇಲೊಂದು ಒತ್ತಿ ಕುಳಿತಿರುವುದರಿಂದ ಗಂಟು ಬೀಳಲು ಎಡೆ ಕಡಿಮೆ, ಬೆಸುಗೆಯೂ ಸುಲಭ. ಗಂಡಸರ ಕತ್ತಿನಲ್ಲಿ, ಅಂಗಿಯ ಒಳಗೆ, ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಒಂದೇ ಎಚ್ಚರ: ಕೊಂಡಿಗಳ ಸಂದನ್ನು ಬೆಸೆದಿರಬೇಕು. ಸಂದು ಸುಮ್ಮನೆ ಒತ್ತಿ ಮುಚ್ಚಿದ್ದರೆ ಅದರ ಬಾಯಿ ಕೂದಲು ಹಿಡಿಯುತ್ತದೆ. ಸರವನ್ನು ಮುಂಗೈಯ ರೋಮದ ಮೇಲೆ ಮೇಲಕ್ಕೂ ಕೆಳಕ್ಕೂ ಎಳೆದು ನೋಡಿದರೆ ಕ್ಷಣದಲ್ಲಿ ತಿಳಿಯುತ್ತದೆ.

ಬಾಕ್ಸ್ ಚೈನು ಚೌಕದ ಚಿಕ್ಕ ಡಬ್ಬಿಗಳನ್ನು ಪೋಣಿಸಿದಂತಿರುತ್ತದೆ. ನಯವಾಗಿದೆ, ಕೂದಲು ಹಿಡಿಯುವುದಿಲ್ಲ, ಗಂಟು ಅಪರೂಪ. ಕಷ್ಟವೆಂದರೆ ಇದು ಮಡಿಕೆಗೆ ಅಂಜುತ್ತದೆ. ನಿದ್ದೆಯಲ್ಲಿ ದಿಂಬಿನ ಕೆಳಗೆ ಚೂಪಾಗಿ ಮಡಚಿಕೊಂಡರೆ ಒಂದೆರಡು ಡಬ್ಬಿಗಳು ಸೊಟ್ಟಗಾಗುತ್ತವೆ, ಮತ್ತೆ ಮತ್ತೆ ಅಲ್ಲೇ ಮಡಚಿ ಒಂದು ದಿನ ಸೀಳುತ್ತವೆ. ಸರವನ್ನು ಮಲಗುವಾಗ ತೆಗೆಯುವವರಿಗೆ, ಸಣ್ಣ ಪದಕ ಹಾಕುವ ಕಾಲೇಜಿನ ಹುಡುಗಿಯರಿಗೆ ಒಪ್ಪುತ್ತದೆ. ತಾಳಿಗೆ ನಾನು ಹೇಳುವುದಿಲ್ಲ.

ಹಾವಿನ ಮೈಯಂತೆ ನುಣುಪಾದ ಸ್ನೇಕ್ ಚೈನು ಗಂಟೇ ಬೀಳುವುದಿಲ್ಲ ಎಂಬುದು ನಿಜ. ಆದರೆ ಒಮ್ಮೆ ಬಾಗಿದ್ದು ಮತ್ತೆ ನೆಟ್ಟಗಾಗುವುದಿಲ್ಲ, ಬೆಸೆದ ಜಾಗ ಕಡ್ಡಿಯಂತೆ ಸೆಟೆದು ನಿಲ್ಲುತ್ತದೆ. ಮದುವೆ ಮುಂಜಿಗೆ ಹಾಕಿ ತೆಗೆದಿಡಿ.

ರೋಪ್ ಚೈನಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ನಮ್ಮ ಕಡೆ ತಾಳಿಗೆ ಹೆಚ್ಚು ಜನ ಕೇಳುವುದು ಇದನ್ನೇ. ತುಂಬಿದಂತೆ ಕಾಣುತ್ತದೆ, ಬೆಳಕಿಗೆ ಮಿರುಗುತ್ತದೆ, ಗಟ್ಟಿಯಾದದ್ದಾದರೆ ಗಂಟೂ ಬೀಳುವುದಿಲ್ಲ. ಆದರೆ ಇದರಲ್ಲಿ ಒಂದೊಂದು ಬಳೆಯೂ ಪಕ್ಕದ ಹಲವು ಬಳೆಗಳನ್ನು ಹಿಡಿದುಕೊಂಡಿರುತ್ತದೆ. ಒಂದು ಹೋದರೆ ಹೆಣಿಗೆಯೇ ಅಲ್ಲಿ ಬಿಚ್ಚಿಕೊಳ್ಳುತ್ತದೆ. ಸೇರಿಸಲು ಬೆಸುಗೆ ಹರಿಸಿದರೆ ಅದು ಪಕ್ಕದ ಸಂದಿಗಳಿಗೂ ಇಳಿದು ಅರ್ಧ ಇಂಚು ಜಾಗ ಮಡಚದಂತಾಗುತ್ತದೆ. ಇನ್ನೊಂದು, ಕಡಿಮೆ ತೂಕದಲ್ಲಿ ದಪ್ಪ ಕಾಣಲೆಂದು ರೋಪ್ ಮಾದರಿಯನ್ನು ಪೊಳ್ಳು ಕೊಳವೆಯಿಂದ ಮಾಡುವುದು ಬಹಳ. ಪೊಳ್ಳು ಸರದ ಗೋಡೆ ಕಾಗದದಷ್ಟು ತೆಳು. ಜಜ್ಜಿದರೆ ತಗ್ಗಾಗುತ್ತದೆ, ಸವೆದರೆ ತೂತಾಗುತ್ತದೆ, ಬೆಸುಗೆಯ ಉರಿ ತಾಗಿದರೆ ಕುಸಿಯುತ್ತದೆ. ಗುರುತಿಸುವುದು ಕಷ್ಟವಲ್ಲ: ಅದೇ ಅಗಲದ ಇನ್ನೊಂದು ಸರವನ್ನು ಮತ್ತೊಂದು ಅಂಗೈಯಲ್ಲಿಟ್ಟು ತೂಗಿ, ಮತ್ತು ನೇರವಾಗಿ "ಇದು ಗಟ್ಟಿಯೋ ಪೊಳ್ಳೋ" ಎಂದು ಕೇಳಿ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಇಂಚಿಗೆ 0.7 ಗ್ರಾಂ ಹಾಕುವ ಶಕ್ತಿಯಿದ್ದರೆ ಗಟ್ಟಿ ರೋಪ್ ಧಾರಾಳವಾಗಿ ಕೊಳ್ಳಿ. ಅದಕ್ಕಿಂತ ಕೆಳಗಿದ್ದರೆ ಬೇಡ ಎನ್ನುತ್ತೇನೆ.

ಕೊನೆಯದು ಗೋಧಿ ತೆನೆಯ ಹಾಗೆ ನಾಲ್ಕು ಕಡೆಯಿಂದ ಹೆಣೆದು ಬರುವ ಚೈನು, ಅಂಗಡಿಯಲ್ಲಿ ವೀಟ್ ಚೈನು. ದುಂಡಗೆ, ಮೆತ್ತಗೆ, ಯಾವ ಕಡೆಗೆ ಬಾಗಿಸಿದರೂ ಬಾಗಿ ಮರಳುತ್ತದೆ. ಅಂಗೈಯಲ್ಲಿ ಮುದ್ದೆ ಮಾಡಿ ಕೊಕ್ಕೆ ಹಿಡಿದು ಎತ್ತಿದರೆ ನೀರಿನಂತೆ ಇಳಿದು ನೇರವಾಗುತ್ತದೆ. ಇದೇ ಪರೀಕ್ಷೆಯನ್ನು ಪ್ರತಿ ಸರಕ್ಕೂ ಅಂಗಡಿಯಲ್ಲೇ ಮಾಡಿ, ಮೂರು ಸಲ ಎತ್ತಿದಾಗ ಒಮ್ಮೆಯಾದರೂ ಗಂಟು ಉಳಿದರೆ ಮನೆಯಲ್ಲಿ ದಿನವೂ ಉಳಿಯುತ್ತದೆ. ವೀಟ್ ಚೈನಿನ ಕೊರತೆ ರಿಪೇರಿಯದು. ಕರ್ಬಿನಷ್ಟು ಸಲೀಸಲ್ಲ, ಕೈ ನುರಿತವರೇ ಬೇಕು, ಆದರೂ ರೋಪಿನಷ್ಟು ಹಾಳಾಗುವುದಿಲ್ಲ.

ಕ್ಯಾರೆಟ್‌ ವಿಷಯ ಬಂದಾಗ ನಮ್ಮ ಮನೆಗಳಲ್ಲಿ 22 ಬಿಟ್ಟು ಬೇರೆ ಮಾತೇ ಇಲ್ಲ. ತಾಳಿಯ ಸರಕ್ಕೆ ಆ ಮನಸ್ಸು ನನಗೂ ಇದೆ. ಆದರೆ 22 ಕ್ಯಾರೆಟ್‌ನಲ್ಲಿ ನೂರಕ್ಕೆ 91.6 ಪಾಲು ಚಿನ್ನ, ಅಷ್ಟು ಚಿನ್ನ ಇದ್ದರೆ ಲೋಹ ಮೆತ್ತಗೇ ಇರುತ್ತದೆ. 18 ಕ್ಯಾರೆಟ್‌ನಲ್ಲಿ 75 ಪಾಲು, ಉಳಿದದ್ದು ತಾಮ್ರ ಬೆಳ್ಳಿ ಸೇರಿ ಗಡಸಾಗಿರುತ್ತದೆ. ಸಣ್ಣ ಸರ ಹಾಕುವವರಿಗೆ ಈ ಗಡಸು ನೇರವಾಗಿ ಪ್ರಯೋಜನಕ್ಕೆ ಬರುತ್ತದೆ. ಜೊತೆಗೆ 18 ಕ್ಯಾರೆಟ್ ಲೋಹ ಅಷ್ಟೇ ಗಾತ್ರಕ್ಕೆ ಹಗುರ, ಆದ್ದರಿಂದ ಅದೇ ತೂಕದಲ್ಲಿ ತಂತಿ ತುಸು ದಪ್ಪವೂ ಸಿಗುತ್ತದೆ. ಐದೇ ಗ್ರಾಮಿನಲ್ಲಿ ಮಗಳಿಗೆ ಸರ ಮಾಡಿಸುವವರು 18 ಕ್ಯಾರೆಟ್‌ನಲ್ಲಿ 16 ಇಂಚಿನ ಕರ್ಬ್ ನೋಡಲಿ. ಮಾರುವಾಗ ಅದರಲ್ಲಿರುವ ಚಿನ್ನದ ಲೆಕ್ಕಕ್ಕೆ ಮಾತ್ರ ಹಣ ಬರುತ್ತದೆ ಎಂಬುದು ತಿಳಿದಿರಬೇಕು, ಕೊಳ್ಳುವಾಗಲೂ ಆ ಲೆಕ್ಕದಲ್ಲೇ ಕೊಟ್ಟಿರಬೇಕು. ಒಂದು ಎಚ್ಚರವನ್ನೂ ಹೇಳಿಬಿಡುತ್ತೇನೆ: 18ರ ಸರವನ್ನೂ 22ರ ಸರವನ್ನೂ ಒಟ್ಟಿಗೆ ಹಾಕಬೇಡಿ. ಗಡಸಾದದ್ದು ಮೆತ್ತನೆಯದನ್ನು ಅರೆಯುತ್ತದೆ.

ಎರಡು ಗ್ರಾಮಿಗಿಂತ ಹೆಚ್ಚಿನ ಯಾವ ಒಡವೆಗೂ ಹಾಲ್‌ಮಾರ್ಕ್ ಕೇಳಿ. ಬಿಐಎಸ್ ಗುರುತು, 22K916 ಅಥವಾ 18K750 ಎಂಬ ಶುದ್ಧತೆ, ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಮೂರೂ ಇರಬೇಕು. 2023ರ ಏಪ್ರಿಲ್ 1ರಿಂದ ಈ ಆರಂಕಿಯ ಗುರುತಿಲ್ಲದ ಹಾಲ್‌ಮಾರ್ಕ್ ಒಡವೆಯನ್ನು ಅಂಗಡಿಯವರು ಮಾರುವಂತಿಲ್ಲ. BIS Care ಎಂಬ ಮೊಬೈಲ್ ಆ್ಯಪ್‌ನಲ್ಲಿ ಅದನ್ನು ಒತ್ತಿದರೆ ಯಾವ ಬಗೆಯ ಒಡವೆ, ಎಷ್ಟು ಶುದ್ಧ ಎಂದು ಬರುತ್ತದೆ. ಸರದಲ್ಲಿ ಈ ಗುರುತನ್ನು ಹೆಚ್ಚಾಗಿ ಕೊಕ್ಕೆಯ ಮೇಲೋ ಅದರ ಪಕ್ಕದ ಪುಟ್ಟ ತಗಡಿನ ಮೇಲೋ ಒತ್ತಿರುತ್ತಾರೆ. ಮುಂದೆ ಕೊಕ್ಕೆ ಬದಲಾಯಿಸಿದರೆ ಆ ತುಣುಕನ್ನು ಅಕ್ಕಸಾಲಿಗರಿಂದ ಮರಳಿ ಪಡೆದು ಬಿಲ್ಲಿನ ಜೊತೆ ಇಡಿ.

ಹಾಲ್‌ಮಾರ್ಕ್ ಶುದ್ಧತೆಗೆ ಜಾಮೀನೇ ಹೊರತು ಗಟ್ಟಿತನಕ್ಕಲ್ಲ. ಗಟ್ಟಿತನ ನೋಡಬೇಕಾದ್ದು ಕೊಕ್ಕೆಯ ಪಕ್ಕದಲ್ಲಿ. ತಂದೆಯವರ ಮೇಜಿಗೆ ಬಂದ ಸರಗಳಲ್ಲಿ ನಡುವೆ ತುಂಡಾದವು ಕಡಿಮೆ, ಕೊಕ್ಕೆಗೆ ಸೇರುವ ಕೊನೆಯ ಬಳೆಯಲ್ಲಿ ಬಿಟ್ಟುಕೊಂಡವೇ ಹೆಚ್ಚು. ಸರದ ತೂಕವೆಲ್ಲ ನೇತಾಡುವುದು ಅಲ್ಲಿ, ಕತ್ತು ತಿರುಗಿಸಿದಾಗಲೆಲ್ಲ ಉಜ್ಜುವುದೂ ಅಲ್ಲಿ. ಯಂತ್ರದಲ್ಲಿ ಮಾಡಿದ ಚೆಂದದ ಸರಕ್ಕೂ ಕೊನೆಗೆ ಕೈಯಲ್ಲಿ ಒಂದು ಸಣ್ಣ ಬಳೆ ಸಿಕ್ಕಿಸಿ, ಕೆಲವೊಮ್ಮೆ ಬೆಸೆಯದೆಯೇ, ಕೊಟ್ಟಿರುತ್ತಾರೆ. ಭೂತಗನ್ನಡಿ ಕೇಳಿ ಆ ಬಳೆಯನ್ನು ನೋಡಿ. ಸಂದಿನಲ್ಲಿ ಗೀರು ಕಂಡರೆ ಬೆಸೆದಿಲ್ಲ. ಅದರ ತಂತಿ ಸರದ ತಂತಿಗಿಂತ ದಪ್ಪವಿರಬೇಕು. ಇಲ್ಲವಾದರೆ ದಪ್ಪ ಬಳೆ ಹಾಕಿ ಬೆಸೆದುಕೊಡಿ ಎಂದು ಕೇಳಿ. ಅದಕ್ಕೆ ಹಿಡಿಯುವುದು ಗ್ರಾಮಿನ ಸಣ್ಣ ಪಾಲು ಚಿನ್ನ, ಕೆಲವು ನಿಮಿಷದ ಕೆಲಸ. ಎಸ್ ಆಕಾರದ ಕೊಕ್ಕೆ ತೆಗೆಯದೆ ಹಾಕುವ ಸರಕ್ಕೆ ಒಳ್ಳೆಯದು, ದಿನವೂ ಬಗ್ಗಿಸಿ ತೆರೆದರೆ ಲೋಹ ಸೆಟೆದು ಮುರಿಯುತ್ತದೆ. ದಿನವೂ ತೆಗೆಯುವವರಿಗೆ ಸ್ಪ್ರಿಂಗಿನ ಕೊಕ್ಕೆಯೇ ಸರಿ.

ಇಲ್ಲಿ ಒಂದು ಮಾತು. ಎಂದಿಗೂ ತುಂಡಾಗದ ಸರವನ್ನು ಯಾರೂ ಬಯಸಬಾರದು. ಯಂತ್ರಕ್ಕೆ ಸಿಕ್ಕಿದಾಗ, ಬೈಕಿನಲ್ಲಿ ಬಂದವನು ಕಿತ್ತಾಗ ಸರ ಬಿಟ್ಟುಕೊಡದಿದ್ದರೆ ಕತ್ತು ಕೊಯ್ಯುತ್ತದೆ. ಮಲಗುವ ಕೂಸಿಗೆ ಸರವೇ ಬೇಡ. ದೊಡ್ಡವರ ಸರಕ್ಕೂ ಇಂಚಿಗೆ ಒಂದು ಗ್ರಾಂ ದಾಟಿದ ಮೇಲೆ ಗಟ್ಟಿತನಕ್ಕೆಂದು ಚಿನ್ನ ಸೇರಿಸಿ ಉಪಯೋಗವಿಲ್ಲ.

ಕಳೆದ ವರ್ಷ ಚಿಕ್ಕಮ್ಮನ ಮಗಳು ತನ್ನ ಸರವನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಬಂದಳು. ಆಸ್ಪತ್ರೆಯಲ್ಲಿ ನರ್ಸ್, ಮನೆಯಲ್ಲಿ ಎರಡು ವರ್ಷದ ಮಗ. ರೋಪ್ ಚೈನು, 26 ಇಂಚು, ಬಿಲ್ಲಿನಲ್ಲಿ ಎಂಟು ಗ್ರಾಂ. ನಾಲ್ಕು ವರ್ಷದಲ್ಲಿ ಅದು ಮೂರನೆಯ ಸಲ ತುಂಡಾಗಿತ್ತು. ತಂದೆ ತಕ್ಕಡಿಯಲ್ಲಿಟ್ಟರು, 7.6 ಗ್ರಾಂ ಬಂತು. ಇಂಚಿಗೆ 0.3 ಗ್ರಾಮೂ ಇಲ್ಲ, ಅದಕ್ಕೆ ನಾಲ್ಕು ಗ್ರಾಮಿನ ತಾಳಿ ಮತ್ತು ಗುಂಡು ನೇತಾಡುತ್ತಿದ್ದವು. ಕನ್ನಡಿಯ ಕೆಳಗೆ ತಾಳಿಯ ಕೊಳವೆ ತಾಗುವ ನಡುಭಾಗ ಗರಗಸದಿಂದ ಕೊಯ್ದಂತೆ ಸವೆದಿತ್ತು. "ದೊಡ್ಡಪ್ಪ, ಇನ್ನೊಂದು ಸಲ ಬೆಸೆದುಕೊಡಿ" ಎಂದಳು. "ಬೆಸೆಯುತ್ತೇನೆ ತಾಯಿ, ದೀಪಾವಳಿಗೆ ಮತ್ತೆ ತರುತ್ತೀಯ" ಎಂದರು ಅವರು.

ಹಳೆಯದನ್ನು ಕೊಟ್ಟು ಹನ್ನೆರಡು ಗ್ರಾಂವರೆಗೆ ಹೋಗುತ್ತೇನೆ ಎಂದಳು. ಅಂಗಡಿಯಲ್ಲಿ ಮೂರು ಸರ ಮುಂದಿಟ್ಟರು. ಒಂದು 24 ಇಂಚಿನ ರೋಪ್, ಮೂರೂವರೆ ಮಿಲಿಮೀಟರ್ ಅಗಲ, ಕಣ್ಣಿಗೆ ಹದಿನೆಂಟು ಗ್ರಾಮಿನ ಹಾಗೆ ತೋರುತ್ತಿತ್ತು. ಕೇಳಿದಾಗ ಪೊಳ್ಳು ಎಂದು ಒಪ್ಪಿಕೊಂಡರು, ವೇಸ್ಟೇಜ್ 18 ಪ್ರತಿಶತ. ಇನ್ನೆರಡು 22 ಇಂಚಿನ ಗಟ್ಟಿ ಸರಗಳು, ಒಂದು ಕರ್ಬ್, ಒಂದು ವೀಟ್, ಎರಡಕ್ಕೂ ವೇಸ್ಟೇಜ್ 8 ಪ್ರತಿಶತ. ಕಾಗದದ ಮೇಲೆ ಲೆಕ್ಕ ಹಾಕಿದೆವು. ಹನ್ನೆರಡು ಗ್ರಾಮಿಗೆ 18 ಪ್ರತಿಶತ ಸೇರಿಸಿ, ಮೇಲೆ ಶೇಕಡ 3 ಜಿಎಸ್‌ಟಿ ಎಂದರೆ 14.58 ಗ್ರಾಮಿನ ಬೆಲೆ. 8 ಪ್ರತಿಶತಕ್ಕೆ 13.35 ಗ್ರಾಮಿನ ಬೆಲೆ. ಪೊಳ್ಳು ಸರಕ್ಕೆ ಕೊಡುವ ಹಣದಲ್ಲೇ ಗಟ್ಟಿ ಸರ 13 ಗ್ರಾಂ ದಾಟಿ ಬರುತ್ತದೆ, ಮುಂದೊಂದು ದಿನ ಬದಲಾಯಿಸುವಾಗ ವೇಸ್ಟೇಜ್ ಯಾರೂ ಹಿಂದಿರುಗಿಸುವುದಿಲ್ಲ.

ಉಳಿದದ್ದು ಕರ್ಬ್ ಮತ್ತು ವೀಟ್. ಅವಳು ಕತ್ತಿಗೆ ಕರಿಮಣಿಯನ್ನೂ ಗುರುತಿನ ಚೀಟಿಯ ದಾರವನ್ನೂ ಹಾಕುತ್ತಾಳೆ, ಜಡೆ ಬೇರೆ ಉದ್ದ. ಎರಡನ್ನೂ ಆ ದಾರದ ಜೊತೆ ಅಂಗೈಯಲ್ಲಿ ಮುದ್ದೆ ಮಾಡಿ ಎತ್ತಿದೆವು. ಕರ್ಬಿನ ಅಂಚು ದಾರದ ಎಳೆಗೆ ಸಿಕ್ಕಿ ನಿಂತಿತು, ವೀಟ್ ಜಾರಿ ಬಂತು. ಹೊಲದಲ್ಲೋ ಕಾರ್ಖಾನೆಯಲ್ಲೋ ದುಡಿಯುವವಳಾಗಿದ್ದರೆ, ಊರಲ್ಲಿ ಸಾಧಾರಣ ರಿಪೇರಿ ಮಾತ್ರ ಆಗುವುದಾದರೆ ನಾನು ಕರ್ಬನ್ನೇ ಹಿಡಿಯುತ್ತಿದ್ದೆ. ಅವಳು ವೀಟ್ ತೆಗೆದುಕೊಂಡಳು, ಹನ್ನೆರಡು ಗ್ರಾಂ, ಇಂಚಿಗೆ 0.54. ಮನೆಗೆ ತಂದ ಮೇಲೆ ತಂದೆ ಕೊನೆಯ ಬಳೆಯನ್ನು ಬಿಚ್ಚಿ ದಪ್ಪದ್ದನ್ನು ಹಾಕಿ ಬೆಸೆದರು, ತಾಳಿಯ ಕೊಳವೆಯ ಎರಡೂ ಬಾಯಿಯ ಚೂಪನ್ನು ಅರದಿಂದ ಉಜ್ಜಿ ಬೆರಳಿಟ್ಟು ಸವರಿ ನೋಡಿ ಮತ್ತೊಮ್ಮೆ ಉಜ್ಜಿದರು. ಆ ಚೂಪೇ ಹಳೆಯ ಸರವನ್ನು ಕೊಯ್ದದ್ದು.